ಸಮೀಕ್ಷೆಯ ಫಲಿತಾಂಶವನ್ನು ಆಡಳಿತ ಮಂಡಳಿಗೆ ಒಂದೇ ಪುಟದಲ್ಲಿ ಬರೆಯುವುದು ಹೇಗೆ? ಮಿತಿಗಳನ್ನು ಮುಚ್ಚಿಡದೆ

ನಮ್ಮ ಮಲೆನಾಡಿನ ಸಹಕಾರ ಸಂಘದ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಸಮೀಕ್ಷೆಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅದೂ ಸಾಲ ವಸೂಲಿ, ಗೊಬ್ಬರದ ದಾಸ್ತಾನು, ಗೋಡೌನಿನ ಸೋರಿಕೆ ಎಲ್ಲ ಮುಗಿದ ಮೇಲೆ. ನಿರ್ದೇಶಕರು ಅಷ್ಟು ಹೊತ್ತಿಗೆ ಎರಡನೇ ಕಾಫಿ ಕುಡಿದಿರುತ್ತಾರೆ. ಅವರ ಕೈಗೆ ಮೂವತ್ತು ಪುಟದ ವರದಿ ಕೊಟ್ಟರೆ ಯಾರೂ ತಿರುವಿ ನೋಡುವುದಿಲ್ಲ. "ಒಟ್ಟಾರೆ ಏನಂತೆ, ಅದು ಹೇಳಿ" ಎಂದು ಅಧ್ಯಕ್ಷರು ಕೇಳುತ್ತಾರೆ. ಆಗ ನೀವು ಹೇಳುವ ಒಂದು ವಾಕ್ಯವೇ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ.

ಆ ವಾಕ್ಯ ನಿಜವಾಗಿರಬೇಕು, ಅರ್ಥವೂ ಆಗಬೇಕು. ಇದಕ್ಕೆ ಒಂದು ಪುಟದ ಸಾರಾಂಶವನ್ನು ಹೇಗೆ ಬರೆಯಬೇಕು ಎಂದು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಸಂಘ ಕಾಲ್ಪನಿಕ, ಅಂಕಿಗಳನ್ನು ಲೆಕ್ಕ ತೋರಿಸಲು ನಾನೇ ಹಾಕಿಕೊಂಡಿದ್ದೇನೆ. ಲೆಕ್ಕದ ವಿಧಾನ ಮಾತ್ರ ನಿಜವಾದದ್ದು.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಂಘ ಎಂದಿಟ್ಟುಕೊಳ್ಳಿ. ಸದಸ್ಯರು 2000. ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ. ಮಳೆಗೆ ಮುಂಚೆ ಕೊಳೆರೋಗದ ಔಷಧಿ ಹೊಡೆಸುವುದಕ್ಕೂ ಆಳಿಲ್ಲ, ಆಮೇಲೆ ಅಡಿಕೆ ಕೊನೆ ತೆಗೆಸುವುದಕ್ಕೂ ಆಳಿಲ್ಲ. ಸಂಘವೇ ನೆಲದಲ್ಲಿ ನಿಂತೇ ಬಳಸುವ ಉದ್ದನೆಯ ಫೈಬರ್ ದೋಟಿ ತಂದು, ಹುಡುಗರಿಗೆ ತರಬೇತಿ ಕೊಟ್ಟು, ತಂಡ ಕಟ್ಟಿ ಸದಸ್ಯರ ತೋಟಕ್ಕೆ ಕಳಿಸಬಹುದಾ ಎಂಬ ಪ್ರಶ್ನೆ ಬಂತು. ಸದಸ್ಯರನ್ನು ಕೇಳೋಣ ಎಂದು ಸಮೀಕ್ಷೆ ಮಾಡಿದರು.

ಬರೆಯುವ ಮೊದಲು: ಮಂಡಳಿ ಏನು ತೀರ್ಮಾನಿಸಬೇಕಾಗಿದೆ?

ಪೆನ್ನು ಹಿಡಿಯುವ ಮುಂಚೆ ಕಾರ್ಯದರ್ಶಿಯ ಹತ್ತಿರ ಕೂತು ಇದನ್ನು ಬಿಡಿಸಿ ಕೇಳಿಕೊಳ್ಳಿ. "ದೋಟಿ ಸೇವೆ ಬಗ್ಗೆ ಚರ್ಚೆ" ಎಂಬುದು ತೀರ್ಮಾನವಲ್ಲ. ನಮ್ಮ ಉದಾಹರಣೆಯಲ್ಲಿ ಮಂಡಳಿಯ ಮುಂದೆ ಎರಡು ದಾರಿ ಇವೆ. ಒಂದು, ಈ ವರ್ಷ ಎರಡು ತಂಡ ಕಟ್ಟಿ ಸುಮಾರು 150 ಸದಸ್ಯರಿಗೆ ಸೇವೆ ಕೊಟ್ಟು ನೋಡುವುದು. ಇನ್ನೊಂದು, ಸಾಲ ತೆಗೆದು ಒಂದೇ ಸಲಕ್ಕೆ ಸಾವಿರಕ್ಕೂ ಜಾಸ್ತಿ ಸದಸ್ಯರಿಗೆ ಸಾಕಾಗುವಷ್ಟು ತಂಡ ಕಟ್ಟುವುದು.

ಈ 150 ಮತ್ತು ಸಾವಿರ ಎಂಬ ಎರಡು ಸಂಖ್ಯೆಗಳನ್ನು ಬದಿಗೆ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಪ್ರತಿಯೊಂದು ಮಿತಿಯನ್ನೂ ಇವುಗಳ ಜೊತೆ ಇಟ್ಟು ನೋಡಬೇಕಾಗುತ್ತದೆ. ತೀರ್ಮಾನ ಗೊತ್ತಿಲ್ಲದೆ ಮಿತಿಗಳನ್ನು ಬರೆದರೆ ಅದು ಔಷಧಿ ಬಾಟಲಿಯ ಮೇಲಿನ ಸಣ್ಣ ಅಕ್ಷರದ ಎಚ್ಚರಿಕೆ ಥರ ಆಗುತ್ತದೆ. ಬರೆದವರಿಗೆ ಸಮಾಧಾನ, ಓದುವವರಿಗೆ ಏನೂ ಇಲ್ಲ.

ಮೂರು ಸಂಖ್ಯೆ ಸಾಲಾಗಿ ಬರಲಿ

ಸಮೀಕ್ಷೆ ಹೇಗೆ ನಡೆಯಿತು ಎಂದು ವಿವರಿಸಲು ಎರಡು ಸಾಲು ಸಾಕು. ಆದರೆ ಅದರಲ್ಲಿ ಮೂರು ಸಂಖ್ಯೆ ಇರಲೇಬೇಕು. ಒಟ್ಟು ಎಷ್ಟು ಜನ, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಉತ್ತರ ಕೊಟ್ಟರು.

ನಮ್ಮ ಸಂಘದಲ್ಲಿ ಸದಸ್ಯರ ಪುಸ್ತಕ ತೆಗೆದು, ಮೊದಲ ಐದು ಹೆಸರಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿದರು. ಅಲ್ಲಿಂದ ಮುಂದೆ ಪ್ರತಿ ಐದನೇ ಹೆಸರು. ಹೀಗೆ 2000 ಜನರಲ್ಲಿ 400 ಮಂದಿ ಸಿಕ್ಕರು. ಅವರಲ್ಲಿ 240 ಜನ ಉತ್ತರ ಕೊಟ್ಟರು. ಅದರಲ್ಲಿ 156 ಜನ "ಸೇವೆ ಬಳಸುತ್ತೇವೆ" ಎಂದರು. ಅಂದರೆ ಉತ್ತರ ಕೊಟ್ಟವರಲ್ಲಿ 100ಕ್ಕೆ 65.

ಸಾಮಾನ್ಯವಾಗಿ ವರದಿಯಲ್ಲಿ ಬರುವುದು ಹೀಗೆ: "ಶೇ. 65ರಷ್ಟು ಸದಸ್ಯರು ದೋಟಿ ಸೇವೆಗೆ ಒಲವು ತೋರಿದ್ದಾರೆ." ಈ ವಾಕ್ಯ ನಿಜವಲ್ಲ. ಸದಸ್ಯರು 2000 ಜನ. ಅವರಲ್ಲಿ ಎಷ್ಟು ಜನಕ್ಕೆ ಒಲವಿದೆ ಎಂದು ಇನ್ನೂ ಗೊತ್ತಿಲ್ಲ. ನಮಗೆ ಗೊತ್ತಿರುವುದು ಉತ್ತರ ಕೊಟ್ಟ 240 ಜನರ ಮಾತು ಮಾತ್ರ. "ಸದಸ್ಯರು" ಮತ್ತು "ಉತ್ತರ ಕೊಟ್ಟ ಸದಸ್ಯರು" ಎರಡೂ ಬೇರೆ ಬೇರೆ. ಪುಟ ಮುಗಿಸಿದ ಮೇಲೆ "ಸದಸ್ಯರು" ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಬೆರಳಿಟ್ಟು ನೋಡಿ. ಎಲ್ಲಿ ಎರಡನೆಯದು ಆಗಬೇಕೋ ಅಲ್ಲಿ ತಿದ್ದಿ. ಐದು ನಿಮಿಷದ ಕೆಲಸ ಅಷ್ಟೇ.

ಅಂಚು ಎಷ್ಟು?

ಚೀಟಿ ಎತ್ತಿ ಬೇರೆ 400 ಜನರನ್ನು ಆರಿಸಿದ್ದರೆ 65ರ ಬದಲು 62 ಬರುತ್ತಿತ್ತೋ, 69 ಬರುತ್ತಿತ್ತೋ. ಯಾರ ಹೆಸರು ಬಂತು ಎಂಬ ಅದೃಷ್ಟದಿಂದ ಆಗುವ ಈ ಏರಿಳಿತವನ್ನೇ ಅಂಚು ಎನ್ನುತ್ತಿದ್ದೇನೆ. ಅದಕ್ಕೆ ಒಂದು ಸುಲಭ ಲೆಕ್ಕ ಇದೆ. ನೂರನ್ನು ಉತ್ತರಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ.

```
100 ÷ √240 = 6.5 (ಸುಮಾರು)
```

ಹಾಗಾಗಿ 65ರ ಆಚೀಚೆ ಆರೂವರೆ. ಸುಮಾರು 58ರಿಂದ 72ರ ನಡುವೆ ಎಂದು ಹೇಳಬಹುದು. ಇದು ಸ್ವಲ್ಪ ಧಾರಾಳವಾದ ಲೆಕ್ಕ. ಪೂರ್ತಿ ಸೂತ್ರ ಹಾಕಿ, ಒಟ್ಟು ಸದಸ್ಯರೇ 2000 ಎಂಬುದನ್ನೂ ಸೇರಿಸಿದರೆ ಆರಕ್ಕಿಂತ ಚೂರು ಕಡಿಮೆ ಬರುತ್ತದೆ. ಮಂಡಳಿಗೆ ಆ ವ್ಯತ್ಯಾಸ ಬೇಡ.

ಪುಟದಲ್ಲಿ "± 6.5%" ಎಂದು ಬರೆಯಬೇಡಿ. ಆ ಗುರುತು ನೋಡಿದ ತಕ್ಷಣ ಅರ್ಧ ಜನ ಓದುವುದು ನಿಲ್ಲಿಸುತ್ತಾರೆ. "100ರಲ್ಲಿ 58ರಿಂದ 72" ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಗೇ 65.4, 58.7 ಎಂದು ದಶಾಂಶ ಹಾಕುವುದೂ ಬೇಡ. ಆರೂವರೆ ಆಚೀಚೆ ಅಲ್ಲಾಡುವ ಸಂಖ್ಯೆಗೆ ದಶಾಂಶ ಹಚ್ಚುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ.

ಇಲ್ಲಿ ಒಂದು ಷರತ್ತು ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ಈ ಲೆಕ್ಕ ನಡೆಯುವುದು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ವಾಟ್ಸಾಪ್ ಗುಂಪಿಗೆ ಫಾರಂ ಹಾಕಿ, ತುಂಬಿದವರ ಉತ್ತರ ತಗೊಂಡಿದ್ದರೆ ಈ ಸೂತ್ರವನ್ನು ಮುಟ್ಟಲೇಬೇಡಿ. ಅಲ್ಲಿ ಫಾರಂ ತುಂಬಿದವರು ತಾವಾಗಿಯೇ ಬಂದವರು. ಆಗುಂಬೆ ಕಡೆಯ ನೆಟ್‌ವರ್ಕ್ ಇಲ್ಲದ ಮನೆಯವರು, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಂಥ ಸಮೀಕ್ಷೆ ಆಗಿದ್ದರೆ "ಇದು ಫಾರಂ ತುಂಬಿದ ಇಷ್ಟು ಜನರ ಅಭಿಪ್ರಾಯ, ಉಳಿದವರ ಬಗ್ಗೆ ಇದರಿಂದ ಹೇಳಲು ಆಗುವುದಿಲ್ಲ" ಎಂದು ಬರೆದು ಬಿಡಿ.

ಉತ್ತರ ಕೊಡದ 160 ಜನ

ನನ್ನ ಪ್ರಕಾರ ಇಡೀ ಪುಟದ ಜೀವ ಇಲ್ಲಿದೆ. ಮೇಲಿನ ಅಂಚು ಚಿಕ್ಕ ತೊಂದರೆ. ದೊಡ್ಡ ತೊಂದರೆ ಎಂದರೆ ಕೇಳಿದರೂ ಉತ್ತರ ಕೊಡದವರು. ಇವರು ಉತ್ತರ ಕೊಟ್ಟವರ ಹಾಗೇ ಯೋಚಿಸುತ್ತಾರೆ ಎಂದು ಸುಮ್ನೆ ನಂಬುವಂತಿಲ್ಲ. ದೋಟಿ ಸೇವೆ ಬೇಕೇ ಬೇಕು ಎನ್ನುವವರು ಫಾರಂ ಹುಡುಕಿಕೊಂಡು ಬಂದು ತುಂಬುತ್ತಾರೆ. ಬೇಡದವರು ಅದನ್ನು ಮಡಿಸಿ ಪಂಚಾಂಗದ ಒಳಗಿಡುತ್ತಾರೆ.

ಮೊದಲು ಕೊನೆಯ ಎರಡು ತುದಿಗಳನ್ನು ನೋಡಿ. ಆ 160 ಜನರಲ್ಲಿ ಒಬ್ಬರಿಗೂ ಸೇವೆ ಬೇಡ ಎಂದಿಟ್ಟುಕೊಳ್ಳಿ. ಆಗ 400ರಲ್ಲಿ 156, ಅಂದರೆ 100ಕ್ಕೆ 39. ಎಲ್ಲರಿಗೂ ಬೇಕು ಎಂದಿಟ್ಟುಕೊಂಡರೆ 316, ಅಂದರೆ 100ಕ್ಕೆ 79. ನಿಜ ಇವೆರಡರ ನಡುವೆ ಎಲ್ಲೋ ಇದೆ. 39ರಿಂದ 79 ಎಂದರೆ ಬಹಳ ಅಗಲ, ನಿಜ. ಆದರೆ ಯಾವ ಊಹೆಯನ್ನೂ ಮಾಡದೆ ಹೇಳಬಹುದಾದ್ದು ಇಷ್ಟೇ.

ಈ ಅಗಲವನ್ನು ಕಿರಿದು ಮಾಡಲು ಎರಡು ಕೆಲಸ ಮಾಡಬಹುದು. ಎರಡಕ್ಕೂ ದುಡ್ಡು ಖರ್ಚಿಲ್ಲ.

ಒಂದನೆಯದು, ಸಂಘದ ಪುಸ್ತಕದ ಜೊತೆ ಹೋಲಿಸುವುದು. ಸದಸ್ಯರ ತೋಟ ಎಷ್ಟು ಎಕರೆ ಎಂದು ಸಂಘಕ್ಕೆ ಗೊತ್ತೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಎಲ್ಲ ಸದಸ್ಯರನ್ನು ತಗೊಂಡರೆ 100ಕ್ಕೆ 60 ಜನರ ತೋಟ ಎರಡು ಎಕರೆಗಿಂತ ಕಡಿಮೆ. ಉತ್ತರ ಕೊಟ್ಟವರಲ್ಲಿ ಅಂಥವರು 100ಕ್ಕೆ 40 ಮಾತ್ರ. ಅಂದರೆ ಸಣ್ಣ ಹಿಡುವಳಿಯವರು ಸಮೀಕ್ಷೆಯಲ್ಲಿ ಕಡಿಮೆ ಬಿದ್ದಿದ್ದಾರೆ. ಅವರಲ್ಲಿ ಹಲವರು ಮನೆಯವರೇ ಸೇರಿ ಕೊನೆ ತೆಗೆಯುತ್ತಾರೆ, ಅಥವಾ ಅಕ್ಕಪಕ್ಕದವರ ಜೊತೆ ಮುಯ್ಯಾಳು ಮಾಡಿಕೊಳ್ಳುತ್ತಾರೆ. ದುಡ್ಡು ಕೊಟ್ಟು ತಂಡ ಕರೆಸುವ ಅಗತ್ಯ ಅವರಿಗೆ ಕಡಿಮೆ. ಹಾಗಾದರೆ 65 ಎಂಬುದು ನಿಜಕ್ಕಿಂತ ಜಾಸ್ತಿ ಇರುವ ಸಾಧ್ಯತೆಯೇ ಹೆಚ್ಚು.

ಈ "ಜಾಸ್ತಿ ಇರಬಹುದು" ಎಂಬ ಮಾತು ಮುಖ್ಯ. ಬರೀ "ಎಲ್ಲರೂ ಉತ್ತರ ಕೊಟ್ಟಿಲ್ಲ" ಎಂದು ಬರೆದರೆ ನಿರ್ದೇಶಕರಿಗೆ ಅದನ್ನು ಏನು ಮಾಡಬೇಕು ಗೊತ್ತಾಗುವುದಿಲ್ಲ. ಪ್ರತಿ ಮಿತಿಯ ಜೊತೆ ಅದು ಸಂಖ್ಯೆಯನ್ನು ಮೇಲಕ್ಕೆ ತಳ್ಳಿದೆಯಾ, ಕೆಳಕ್ಕೆ ತಳ್ಳಿದೆಯಾ ಎಂದು ಹೇಳಬೇಕು. ದಿಕ್ಕು ಗೊತ್ತಾಗದಿದ್ದರೆ "ಯಾವ ಕಡೆಗೆ ಎಂದು ಹೇಳಲು ಆಗುತ್ತಿಲ್ಲ" ಎಂದೇ ಬರೆಯಿರಿ.

ಎರಡನೆಯದು, ಫೋನ್ ಮಾಡುವುದು. 160 ಜನರಲ್ಲಿ ಮತ್ತೆ ಚೀಟಿ ಎತ್ತಿ 30 ಜನರನ್ನು ಆರಿಸಿ, ಸಿಗುವ ತನಕ ಪ್ರಯತ್ನಿಸಿ. ರಾತ್ರಿ ಊಟದ ಹೊತ್ತಿಗೆ ಮಾಡಿದರೆ ಸಿಗುತ್ತಾರೆ. ನೆಟ್‌ವರ್ಕ್ ಇಲ್ಲದವರನ್ನು ಹಾಲಿನ ಡೈರಿ ಹತ್ತಿರ ಬೆಳಿಗ್ಗೆ ಹಿಡಿಯಬಹುದು. ಫಾರಂ ಪೂರ್ತಿ ತುಂಬಿಸಬೇಕಾಗಿಲ್ಲ. ಮುಖ್ಯ ಪ್ರಶ್ನೆ ಒಂದೇ ಕೇಳಿ, ಅದೂ ಫಾರಂನಲ್ಲಿದ್ದ ಮಾತಿನಲ್ಲೇ. ಸಿಗದವರ ಬದಲು ಸುಲಭಕ್ಕೆ ಸಿಗುವ ಬೇರೆಯವರನ್ನು ಸೇರಿಸಿಕೊಳ್ಳಬೇಡಿ. ಹಾಗೆ ಮಾಡಿದರೆ ಈ ಕೆಲಸದ ಉದ್ದೇಶವೇ ಕೆಡುತ್ತದೆ.

ನಮ್ಮ ಸಂಘದಲ್ಲಿ 30ರಲ್ಲಿ 24 ಜನ ಸಿಕ್ಕರು. ಅವರಲ್ಲಿ 10 ಜನ "ಬಳಸುತ್ತೇವೆ" ಎಂದರು, 100ಕ್ಕೆ 42 ಆಯಿತು. ಉತ್ತರ ಕೊಟ್ಟವರ 65 ಎಲ್ಲಿ, ಇವರ 42 ಎಲ್ಲಿ! ಈಗ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮೊದಲ 240 ಜನರಲ್ಲಿ 156. ಉಳಿದ 160 ಜನರಲ್ಲಿ 100ಕ್ಕೆ 42ರ ಲೆಕ್ಕದಲ್ಲಿ ಸುಮಾರು 67. ಒಟ್ಟು 223. ಅದನ್ನು 400ರಿಂದ ಭಾಗಿಸಿದರೆ 100ಕ್ಕೆ 56.

ಇದರ ಅಂಚು ಮೊದಲಿಗಿಂತ ದೊಡ್ಡದು, ಯಾಕೆಂದರೆ ಎರಡನೇ ಗುಂಪಿನಲ್ಲಿ ನಾವು ಕೇಳಿದ್ದು 24 ಜನರನ್ನು ಮಾತ್ರ. ಲೆಕ್ಕ ಹೀಗೆ: ಮೊದಲ ಗುಂಪಿನ ಅಂಚು 6.5, ಅದರ ಪಾಲು 400ರಲ್ಲಿ 240, ಅಂದರೆ 0.6. ಎರಡನೇ ಗುಂಪಿನ ಅಂಚು 100 ÷ √24, ಸುಮಾರು 20. ಅದರ ಪಾಲು 0.4.

```
√( (6.5 × 0.6)² + (20 × 0.4)² ) = 9 (ಸುಮಾರು)
```

ಹಾಗಾಗಿ 56ರ ಆಚೀಚೆ 9. ಅಂದರೆ 47ರಿಂದ 65. ಮೊದಲು 65 ಎಂದಿದ್ದ ಸಂಖ್ಯೆ ಈಗ ಮೇಲಿನ ತುದಿಯಾಗಿದೆ. ಅಂಚು ಅಗಲವಾದರೂ ಈ 56ನ್ನು ನಾನು 65ಕ್ಕಿಂತ ಹೆಚ್ಚು ನಂಬುತ್ತೇನೆ. ಫೋನಿಗೂ ಸಿಗದ ಆ 6 ಜನರ ಲೆಕ್ಕ ಇನ್ನೂ ಬಾಕಿ ಇದೆ, ಅದನ್ನೂ ಪುಟದಲ್ಲಿ ಒಂದು ಸಾಲು ಹೇಳಿದರೆ ಸಾಕು.

"ಜಾಸ್ತಿ ಫಾರಂ ಹಂಚಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಅಲ್ವಾ?" ಎಂದು ಯಾರಾದರೂ ಕೇಳಿದರೆ 1936ರ ಅಮೆರಿಕದ ಕಥೆ ಹೇಳಿ. ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ಅದನ್ನು ನಂಬಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ. ಲಕ್ಷಗಟ್ಟಲೆ ಫಾರಂ ಇದ್ದರೂ ಯಾರು ಉತ್ತರ ಕೊಟ್ಟಿಲ್ಲ ಎಂಬುದನ್ನು ನೋಡದಿದ್ದರೆ ಹೀಗೇ.

ಪ್ರಶ್ನೆಯನ್ನು ಇದ್ದಂತೆಯೇ ಬರೆಯಿರಿ

ಸಾರಾಂಶದಲ್ಲಿ ಮುಖ್ಯ ಪ್ರಶ್ನೆಯನ್ನು ಫಾರಂನಲ್ಲಿ ಇದ್ದ ಹಾಗೆಯೇ ಹಾಕಿ. ನಮ್ಮ ಫಾರಂನಲ್ಲಿ ಇದ್ದದ್ದು: "ಸಂಘವು ಸದಸ್ಯರಿಗೆ ಕಡಿಮೆ ದರದಲ್ಲಿ ದೋಟಿ ತಂಡದ ಸೇವೆ ಕೊಟ್ಟರೆ ನೀವು ಬಳಸುತ್ತೀರಾ?"

ಓದಿದ ತಕ್ಷಣ ಅನುಭವಿ ನಿರ್ದೇಶಕರೊಬ್ಬರು ಕೇಳಿಯೇ ಕೇಳುತ್ತಾರೆ, "ಕಡಿಮೆ ಅಂದ್ರೆ ಎಷ್ಟಪ್ಪಾ?" ಪ್ರಶ್ನೆಯಲ್ಲಿ ದರ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿದ್ದ ದರ ಇಟ್ಟುಕೊಂಡು ಹೌದು ಎಂದಿದ್ದಾರೆ. ಕೇಳಿದವರು ಸಂಘದ ಸಿಬ್ಬಂದಿ. ಅವರ ಮುಖ ನೋಡಿ "ಬೇಡ" ಎನ್ನಲು ನಮ್ಮ ಕಡೆ ಜನಕ್ಕೆ ಸಂಕೋಚ. ಇವೆರಡೂ ಸಂಖ್ಯೆಯನ್ನು ಮೇಲಕ್ಕೇ ತಳ್ಳುತ್ತವೆ. ಎಷ್ಟು ತಳ್ಳಿವೆ ಎಂದು ಲೆಕ್ಕ ಹಾಕಲು ಈ ಸಮೀಕ್ಷೆಯಲ್ಲಿ ದಾರಿ ಇಲ್ಲ. ಅದನ್ನೇ ಹಾಗೇ ಬರೆಯಿರಿ.

ಇನ್ನೊಂದು ವಿಷಯವೂ ಇದೆ. ನಾವು ಎಣಿಸಿದ್ದು ಜನರನ್ನು. ಅರ್ಧ ಎಕರೆಯವರೂ ಒಂದು, ಹತ್ತು ಎಕರೆಯವರೂ ಒಂದು. ಆದರೆ ದೋಟಿ ತಂಡಕ್ಕೆ ಬೇಕಾದ ಕೆಲಸದ ದಿನಗಳು ಎಕರೆ ಮೇಲೆ ನಿಂತಿವೆ. ಮೇಲಾಗಿ ಕೊಳೆ ಔಷಧಿಯನ್ನು ಎಲ್ಲರೂ ಮಳೆ ಹಿಡಿಯುವ ಮುಂಚಿನ ಅದೇ ಕೆಲವು ವಾರಗಳಲ್ಲಿ ಹೊಡೆಸಬೇಕು. "ಬೇಕು" ಎಂದವರು ಎಲ್ಲರೂ ಒಂದೇ ವಾರ ಕೇಳಿದರೆ ಎಷ್ಟು ತಂಡ ಬೇಕು? ಇದಕ್ಕೆ ಈ ಸಮೀಕ್ಷೆಯಲ್ಲಿ ಉತ್ತರ ಇಲ್ಲ.

ಸಣ್ಣ ಗುಂಪಿಗೆ ಶೇಕಡಾ ಹಾಕಬೇಡಿ

ನಿರ್ದೇಶಕರು ತಮ್ಮ ತಮ್ಮ ಹೋಬಳಿಯ ಲೆಕ್ಕ ಕೇಳುತ್ತಾರೆ. ಅದು ಸಹಜ. ಒಂದು ಹೋಬಳಿಯಿಂದ 14 ಉತ್ತರ ಬಂದು 12 ಜನ ಹೌದು ಎಂದಿದ್ದರೆ "ಶೇ. 86" ಎಂದು ಬರೆಯುವ ಆಸೆಯಾಗುತ್ತದೆ. ಅದೇ ಸೂತ್ರ ಹಾಕಿ ನೋಡಿ: 100 ÷ √14, ಅಂಚು 27ರ ಹತ್ತಿರ. ಇಬ್ಬರು ಮನಸ್ಸು ಬದಲಿಸಿದರೆ 86 ಹೋಗಿ 71 ಆಗುತ್ತದೆ. ನಾನು ಇಟ್ಟುಕೊಂಡಿರುವ ನಿಯಮ ಇದು: 30ಕ್ಕಿಂತ ಕಡಿಮೆ ಉತ್ತರ ಇರುವ ಕಡೆ ಶೇಕಡಾ ಇಲ್ಲ, "14ರಲ್ಲಿ 12" ಎಂದು ಮಾತ್ರ. ಹೋಬಳಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಮೇಲೆ ಯಾವುದು ಕೆಳಗೆ ಎಂಬ ಪಟ್ಟಿಯನ್ನಂತೂ ಮಾಡಲೇಬೇಡಿ. ಆ ಪಟ್ಟಿ ನೋಡಿ ಮೊದಲ ತಂಡ ಯಾವ ಹೋಬಳಿಗೆ ಎಂಬ ಜಗಳ ಶುರುವಾಗುತ್ತದೆ, ಅದೂ ಅರ್ಥವಿಲ್ಲದ ಅಂಕಿಯ ಮೇಲೆ.

ಚಿತ್ರ ಹಾಕುವುದಿದ್ದರೆ ಒಂದೇ ಸಾಕು. ಕಂಬಗಳು ಸೊನ್ನೆಯಿಂದ ಶುರುವಾಗಲಿ.

ಮಿತಿಯನ್ನು ತೀರ್ಮಾನದ ಪಕ್ಕ ಇಡಿ

ಬದಿಗೆ ಬರೆದಿಟ್ಟುಕೊಂಡ ಎರಡು ಸಂಖ್ಯೆ ಈಗ ಬೇಕು: 150 ಮತ್ತು ಸಾವಿರ.

ಮೊದಲ ದಾರಿ, 150 ಸದಸ್ಯರಿಗೆ ಸೇವೆ. ಎಲ್ಲಕ್ಕಿಂತ ಕೆಟ್ಟ ಲೆಕ್ಕವನ್ನೇ ತಗೊಳ್ಳಿ. ಉತ್ತರ ಕೊಡದ ಒಬ್ಬರಿಗೂ ಬೇಡ ಎಂದರೆ 100ಕ್ಕೆ 39. ಇಡೀ 2000 ಸದಸ್ಯರಿಗೆ ಅದು ಸುಮಾರು 780 ಜನ. ದರ ಕೇಳಿದ ಮೇಲೆ ನಾಲ್ಕರಲ್ಲಿ ಮೂವರು ಹಿಂದೆ ಸರಿದರು ಎಂದುಕೊಂಡರೂ 195 ಜನ ಉಳಿಯುತ್ತಾರೆ. ನಮಗೆ ಬೇಕಾದದ್ದು 150. ಹಾಗಾಗಿ ಇಷ್ಟೆಲ್ಲ ಮಿತಿಗಳಿದ್ದರೂ ಎರಡು ತಂಡ ಶುರು ಮಾಡುವುದಕ್ಕೆ ಈ ಸಮೀಕ್ಷೆ ಸಾಕು.

ಎರಡನೇ ದಾರಿ, ಸಾವಿರಕ್ಕೂ ಜಾಸ್ತಿ ಸದಸ್ಯರು. ನಮ್ಮ ಒಳ್ಳೆಯ ಅಂದಾಜು 100ಕ್ಕೆ 47ರಿಂದ 65, ಅಂದರೆ 940ರಿಂದ 1300 ಜನ. ಇದರಲ್ಲಿ ದರ ಕೇಳಿ ಸ್ವಲ್ಪ ಜನ ಹಿಂದೆ ಸರಿದರೂ ಸಾವಿರ ಮುಟ್ಟುತ್ತದೆ ಎಂದು ಹೇಳಲು ಆಗುವುದಿಲ್ಲ. ಈ ಸಮೀಕ್ಷೆಯನ್ನು ನಂಬಿ ಸಾಲ ತೆಗೆಯುವಂತಿಲ್ಲ.

ನೋಡಿ, ಅದೇ ಸಮೀಕ್ಷೆ, ಅದೇ ಮಿತಿಗಳು. ಒಂದು ತೀರ್ಮಾನಕ್ಕೆ ಸಾಕಾಯಿತು, ಇನ್ನೊಂದಕ್ಕೆ ಸಾಲದಾಯಿತು. ಮಿತಿಗಳ ಪಟ್ಟಿಯನ್ನು ಕೊನೆಯಲ್ಲಿ "ಸೂಚನೆ" ಎಂದು ಹಾಕುವ ಬದಲು ಹೀಗೆ ಹೇಳಿದರೆ, ಲೆಕ್ಕ ಗೊತ್ತಿಲ್ಲದ ನಿರ್ದೇಶಕರೂ ಅದನ್ನು ಹಿಡಿದು ಮಾತಾಡಬಹುದು.

ಪುಟ ಹೀಗಿರಲಿ

ಎಲ್ಲ ಸೇರಿಸಿ ಬರೆದರೆ ಹೀಗೆ ಬರುತ್ತದೆ. ಸೂತ್ರ, ವರ್ಗಮೂಲ ಯಾವುದೂ ಇದರಲ್ಲಿ ಇಲ್ಲ. ಅವನ್ನು ಬೇರೆ ಹಾಳೆಯಲ್ಲಿಟ್ಟು ಕಾರ್ಯದರ್ಶಿಗೆ ಕೊಡಿ, ಕೇಳಿದವರಿಗೆ ತೋರಿಸಲಿ.

> ದೋಟಿ ಸೇವೆ: ಸದಸ್ಯರ ಸಮೀಕ್ಷೆಯ ಸಾರಾಂಶ
>
> ಎರಡು ತಂಡದೊಂದಿಗೆ ಸುಮಾರು 150 ಸದಸ್ಯರಿಗೆ ಸೇವೆ ಶುರು ಮಾಡಲು ಬೇಕಾದಷ್ಟು ಬೇಡಿಕೆ ಇದೆ. ಸಾವಿರಕ್ಕೂ ಹೆಚ್ಚು ಸದಸ್ಯರಿಗೆ ಆಗುವಷ್ಟು ತಂಡ ಕಟ್ಟಬಹುದೇ ಎಂಬುದಕ್ಕೆ ಈ ಸಮೀಕ್ಷೆಯಿಂದ ಉತ್ತರ ಸಿಗುವುದಿಲ್ಲ.
>
> 2000 ಸದಸ್ಯರಲ್ಲಿ 400 ಜನರನ್ನು ಚೀಟಿ ಎತ್ತುವ ಕ್ರಮದಲ್ಲಿ ಆರಿಸಿ ಕೇಳಿದೆವು. 240 ಜನ ಉತ್ತರ ಕೊಟ್ಟರು. ಉತ್ತರ ಕೊಡದ 160 ಜನರಲ್ಲಿ ಮತ್ತೆ 30 ಜನರನ್ನು ಅದೇ ಕ್ರಮದಲ್ಲಿ ಆರಿಸಿದೆವು. ಅವರಲ್ಲಿ 24 ಜನ ಸಿಕ್ಕರು, 6 ಜನ ಸಿಗಲಿಲ್ಲ.
>
> ಉತ್ತರ ಕೊಟ್ಟ 240 ಜನರಲ್ಲಿ 156 ಜನ ಸೇವೆ ಬಳಸುತ್ತೇವೆ ಎಂದರು. ನಂತರ ಸಂಪರ್ಕಿಸಿದ 24 ಜನರಲ್ಲಿ 10 ಜನ ಹಾಗೆ ಹೇಳಿದರು. ಎರಡನ್ನೂ ಸೇರಿಸಿದರೆ, ಪ್ರತಿ 100 ಸದಸ್ಯರಲ್ಲಿ ಸುಮಾರು 56 ಜನ ಎಂದು ಅಂದಾಜು. ನಿಜ ಸಂಖ್ಯೆ 47ರಿಂದ 65ರ ನಡುವೆ ಇರಬಹುದು.
>
> ಈ ಅಂದಾಜು ನಿಜಕ್ಕಿಂತ ಹೆಚ್ಚಿರುವ ಸಾಧ್ಯತೆ ಇದೆ. ಪ್ರಶ್ನೆಯಲ್ಲಿ "ಕಡಿಮೆ ದರ" ಎಂದಿತ್ತೇ ಹೊರತು ಎಷ್ಟು ಎಂದು ಇರಲಿಲ್ಲ. ಕೇಳಿದವರು ಸಂಘದ ಸಿಬ್ಬಂದಿ. ದರ ತಿಳಿದ ಮೇಲೆ ಎಷ್ಟು ಜನ ಉಳಿಯುತ್ತಾರೆ ಎಂಬುದು ಗೊತ್ತಿಲ್ಲ. ಆದರೂ, ಉತ್ತರ ಕೊಡದ ಯಾರಿಗೂ ಸೇವೆ ಬೇಡ ಎಂದುಕೊಂಡು, ಬೇಕು ಎಂದವರಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ ಬಂದರೂ ಇಡೀ 2000 ಸದಸ್ಯರ ಲೆಕ್ಕದಲ್ಲಿ 150 ಜನಕ್ಕಿಂತ ಹೆಚ್ಚಾಗುತ್ತದೆ.
>
> ಎಷ್ಟು ಎಕರೆಗೆ ಸೇವೆ ಬೇಕು, ಒಂದೇ ವಾರದಲ್ಲಿ ಎಷ್ಟು ಜನ ಕೇಳುತ್ತಾರೆ ಎಂಬುದನ್ನು ಈ ಸಮೀಕ್ಷೆ ಕೇಳಿಲ್ಲ. ಹೋಬಳಿವಾರು ಉತ್ತರಗಳು ಹೋಲಿಸಲು ಆಗದಷ್ಟು ಕಡಿಮೆ ಇವೆ.

ಮೊದಲ ಎರಡು ವಾಕ್ಯ ಗಮನಿಸಿ. ಏನು ಮಾಡಬಹುದು, ಏನು ಹೇಳಲಾಗದು ಎರಡೂ ಅಲ್ಲೇ ಇದೆ. ಅಷ್ಟು ಮಾತ್ರ ಓದಿ ಹಾಳೆ ಮಡಿಸಿದವರಿಗೂ ತಪ್ಪು ಅಭಿಪ್ರಾಯ ಹೋಗುವುದಿಲ್ಲ.

ಸಭೆಯಲ್ಲಿ

ಎರಡು ಪ್ರಶ್ನೆ ಬಂದೇ ಬರುತ್ತವೆ. "400 ಜನರನ್ನು ಕೇಳಿ 2000 ಜನರ ಮಾತು ಹೇಗೆ ಹೇಳ್ತೀರಿ?" ಎಂಬುದು ಒಂದು. ಇದಕ್ಕೆ ಅಡಿಕೆ ಮಂಡಿಯ ಉತ್ತರವೇ ಸಾಕು. ಚೀಲದ ಬಾಯಲ್ಲಿರುವ ಅಡಿಕೆ ನೋಡಿ ಧಾರಣೆ ಕಟ್ಟಿದರೆ ಮೋಸ ಹೋಗುತ್ತೀರಿ. ಬೇರೆ ಬೇರೆ ಕಡೆ ಕೈಹಾಕಿ ತೆಗೆದು ನೋಡಿದರೆ ಒಂದು ಹಿಡಿಯಲ್ಲೇ ಚೀಲದ ಗುಣ ಗೊತ್ತಾಗುತ್ತದೆ. ಚೀಟಿ ಎತ್ತಿದ್ದು ಅದಕ್ಕೇ.

ಇನ್ನೊಂದು ಪ್ರಶ್ನೆ ಕಷ್ಟದ್ದು. "ಇಷ್ಟೆಲ್ಲ ಗೊತ್ತಿಲ್ಲ ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ, ಹಾಗಾದ್ರೆ ಸಮೀಕ್ಷೆ ಮಾಡಿದ್ದು ದಂಡವಾ?" ಇಲ್ಲಿ ನಾಚಿಕೊಳ್ಳಬೇಕಾಗಿಲ್ಲ. ಪುಟದ ಮೊದಲ ಸಾಲಿಗೆ ಬೆರಳಿಟ್ಟು "ಎರಡು ತಂಡ ಶುರು ಮಾಡಲು ಇದು ಸಾಕು ಸಾರ್, ಸಾಲ ತೆಗೆಯಲು ಸಾಲದು" ಎನ್ನಿ. ಸೇವೆ ಬೇಕೇ ಬೇಕು ಎನ್ನುವ ನಿರ್ದೇಶಕರು "65 ಅಂತಲೇ ಹಾಕಿಬಿಡಿ, ಫೋನಿನ ಲೆಕ್ಕ ಯಾಕೆ" ಎನ್ನಬಹುದು. ಬೇಡ ಎನ್ನುವವರು "39 ಅಂತ ಹಾಕಿ" ಎನ್ನಬಹುದು. ಎರಡೂ ಸಂಖ್ಯೆ ಎಲ್ಲಿಂದ ಬಂತು ಎಂದು ವಿವರಿಸಿ, ಪುಟದಲ್ಲಿ ಬರೆದದ್ದನ್ನು ಬದಲಿಸಬೇಡಿ.

ಠರಾವು ಬರೆಯುವಾಗ ಹತ್ತಿರವೇ ಇರಿ. ಅಲ್ಲಿ ಅವಸರದಲ್ಲಿ "ಬಹುಪಾಲು ಸದಸ್ಯರ ಒಪ್ಪಿಗೆಯಂತೆ" ಎಂದು ಸೇರಿಬಿಡುತ್ತದೆ. 47ರಿಂದ 65 ಎಂದರೆ ಬಹುಪಾಲು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಅದರ ಬದಲು "ಸಮೀಕ್ಷೆಯ ಅಂದಾಜಿನಂತೆ ಸಾಕಷ್ಟು ಬೇಡಿಕೆ ಕಂಡುಬಂದಿರುವುದರಿಂದ, ಪ್ರಾಯೋಗಿಕವಾಗಿ ಎರಡು ತಂಡ" ಎಂದು ಬರೆಸಿ. ಜೊತೆಗೆ ಇನ್ನೊಂದು ಸಾಲು ಸೇರಿಸಲು ಕೇಳಿಕೊಳ್ಳಿ. ಸಮೀಕ್ಷೆಯಲ್ಲಿ ಹೌದು ಎಂದ 156 ಮತ್ತು 10 ಜನರಲ್ಲಿ ಎಷ್ಟು ಜನ ನಿಜವಾಗಿ ತಂಡ ಕೇಳಿ ಹೆಸರು ಬರೆಸಿದರು, ಎಷ್ಟು ಎಕರೆಗೆ, ಯಾವ ವಾರ ಬೇಕೆಂದರು ಎಂಬುದನ್ನು ಅಡಿಕೆ ಕೊಯ್ಲು ಮುಗಿಯುವ ತನಕ ಸಿಬ್ಬಂದಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಸಲ ಪುಟದಲ್ಲಿ "ಗೊತ್ತಿಲ್ಲ" ಎಂದು ಬರೆದ ಮೂರು ಜಾಗಕ್ಕೆ ಮುಂದಿನ ವರ್ಷ ತುಂಬಬೇಕಾದ ಅಂಕಿಗಳು ಅಲ್ಲಿಂದಲೇ ಬರಬೇಕು.